ಎಂಟು ಸೆಕೆಂಡಿನಲ್ಲಿ ರಾಯಚೂರು ಕೋಟೆಯ ಕಲ್ಲು: ವಿಡಿಯೋ ಪ್ರಾಂಪ್ಟ್ ಬರೆಯೋದು ಹೇಗೆ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಇವತ್ತಿನ ವಿಷಯ ಕೇಳುಗರೊಬ್ಬರ ಪ್ರಶ್ನೆಯಿಂದ ಶುರು ಆಗ್ತದೆ. ದೇವದುರ್ಗ ತಾಲೂಕಿನ ಜಾಲಹಳ್ಳಿಯ ಒಬ್ಬ ಡಿಗ್ರಿ ವಿದ್ಯಾರ್ಥಿ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅದನ್ನ ಹಂಗೇ ಓದ್ತೀನಿ: "ಅಣ್ಣಾ, ರಾಯಚೂರು ಕೋಟಿ ಒಳಗ ಒಂದು ದೊಡ್ಡ ಕಲ್ಲೈತಲ್ಲ, ಅದನ್ನ ಹೆಂಗ ತಂದ್ರು ಅನ್ನೋದ್ರ ಮ್ಯಾಲೆ ಒಂದು ರೀಲ್ ಮಾಡ್ಬೇಕಂತ ಮಾಡೀನಿ. ಎಐ ವಿಡಿಯೋದಾಗ ಟೈಪ್ ಮಾಡಿದ್ರ ಆನಿ ಬಂದಾವು, ರಾಜಸ್ಥಾನದಂಥ ಕೋಟಿ ಬಂದೈತಿ. ನಮ್ಮೂರಿಂದು ಅನ್ನಿಸೋದೇ ಇಲ್ಲ. ಪ್ರಾಂಪ್ಟ್ ಹೆಂಗ ಬರೀಬೇಕು?"

ಜೊತೆಗೆ ಟೈಪ್ ಮಾಡಿದ ಸಾಲನ್ನೂ ಕಳಿಸಿದ್ದಾರೆ. ಅದು ಇಷ್ಟೇ:

```
Raichur fort construction in 1294, cinematic, epic, 4K
```

ಈ ಒಂದು ಸಾಲನ್ನೇ ಇಟ್ಕೊಂಡು, ಅದನ್ನ ಕೆಲಸಕ್ಕೆ ಬರೋ ಪ್ರಾಂಪ್ಟ್ ಆಗಿ ಹೇಗೆ ಬದಲಾಯಿಸೋದು ಅಂತ ಇವತ್ತು ನೋಡೋಣ. ಚಿತ್ರದಲ್ಲಿ ಯಾರಿದ್ದಾರೆ, ಕ್ಯಾಮೆರಾ ಹೇಗೆ ಚಲಿಸ್ತದೆ, ಬೆಳಕು ಎಲ್ಲಿಂದ ಬರ್ತದೆ, ಶೈಲಿ ಯಾವುದು. ಈ ನಾಲ್ಕೂ ಒಂದು ಸಣ್ಣ ವಿವರಣೆಯೊಳಗೆ ಕೂರಬೇಕು.

ಮೊದಲು ಕಲ್ಲಿನ ವಿಷಯ

ಗೊತ್ತಿಲ್ಲದವರಿಗೆ ಹೇಳ್ತೀನಿ. ರಾಯಚೂರು ಕೋಟೆಯ ಗೋಡೆಯಲ್ಲಿ ಒಂದೇ ತುಂಡಿನ ಭಾರೀ ಕಲ್ಲು ಐತಿ. ಉದ್ದ ಸುಮಾರು 41 ಅಡಿ, ಅಂದ್ರೆ ನಮ್ಮ ರಸ್ತೆಯ ಮಾಮೂಲಿ ಬಸ್ಸಿಗಿಂತ ಉದ್ದ. ಅದರ ಮೇಲಿನ ಶಾಸನ 1294ನೇ ಇಸವಿಯದು. ಕಾಕತೀಯರ ಸೇನಾನಾಯಕ ಗೋರೆ ಗಂಗಯ್ಯ ರೆಡ್ಡಿಯ ಕಾಲದಲ್ಲಿ ಕೋಟೆ ಕಟ್ಟಿದ್ದನ್ನ ಅದು ದಾಖಲಿಸ್ತದೆ.

ಆ ಕಲ್ಲಿನ ಹತ್ತಿರವೇ ಗೋಡೆಯ ಮೇಲೆ ಒಂದು ಚಿತ್ರ ಕೆತ್ತಿದ್ದಾರೆ. ಕಲ್ಲನ್ನ ಹೇಗೆ ಸಾಗಿಸಿದ್ರು ಅನ್ನೋದರ ಚಿತ್ರ ಅದು. ಕಲ್ಲು ಬಂಡಿಯ ಮೇಲೈತಿ. ಕೋಣಗಳ ಉದ್ದನೆ ಸಾಲು ಎಳೀತಾ ಐತಿ. ನಡುನಡುವೆ ಹೊಡೆಯೋರು ನಿಂತು ಅವನ್ನ ಹುರಿದುಂಬಿಸ್ತಿದ್ದಾರೆ. ಹಿಂದಿನಿಂದ ಆಳುಗಳು ಚಕ್ರಗಳಿಗೆ ಸನ್ನೆಗೋಲು ಹಾಕಿ ಮೀಟ್ತಿದ್ದಾರೆ.

ಅಂದ್ರೆ, ಕಲ್ಲು ಹೇಗೆ ಬಂತು ಅನ್ನೋದಕ್ಕೆ ನಮ್ಮ ಹತ್ರ ಇರೋ ಸಾಕ್ಷಿ ಈ ಕೆತ್ತನೆ. ಅದು ಹೇಳೋದು ಕೋಣ. ರೀಲ್‌ನಲ್ಲಿ ಬಂದದ್ದು ಆನೆ. ವಿಡಿಯೋ ಎಷ್ಟೇ ಚಂದ ಇದ್ರೂ ನೋಡಿದ ಸಾವಿರ ಜನಕ್ಕೆ ತಪ್ಪು ಕಥೆ ಹೋಗ್ತದೆ. ಹಾಗಾಗಿ ಇಲ್ಲಿ ಪ್ರಾಂಪ್ಟ್ ಅಂದ್ರೆ ಬರೀ ಅಂದಚಂದದ ಪ್ರಶ್ನೆ ಅಲ್ಲ.

ಆನೆ ಬಂದದ್ದು ಎಲ್ಲಿಂದ?

ಈ ಟೂಲ್‌ಗಳಿಗೆ ಇತಿಹಾಸ ಗೊತ್ತಿರೋದಿಲ್ಲ. ವಿವರಣೆ ಜೋಡಿಸಿದ ಲೆಕ್ಕವಿಲ್ಲದಷ್ಟು ವಿಡಿಯೋಗಳನ್ನ ನೋಡಿ, ಯಾವ ಪದದ ಜೊತೆ ಯಾವ ಚಿತ್ರ ಬರ್ತದೆ ಅನ್ನೋದನ್ನ ಅವು ಕಲಿತಿರ್ತವೆ. ನೀವು ಪ್ರಾಂಪ್ಟ್ ಕೊಟ್ಟಾಗ ಟಿವಿ ಚುಕ್ಕೆಗಳಂಥ ಗೊಂದಲದಿಂದ ಶುರು ಮಾಡಿ, ನಿಮ್ಮ ಪದಗಳಿಗೆ ಹೊಂದೋ ಹಾಗೆ ಹಂತಹಂತವಾಗಿ ಚಿತ್ರವನ್ನ ತಿಳಿಗೊಳಿಸ್ತಾ ಹೋಗ್ತವೆ. ನೀವು ಹೇಳದೇ ಬಿಟ್ಟ ಜಾಗವನ್ನೂ ಖಾಲಿ ಬಿಡೋ ಹಾಗಿಲ್ಲ. ಅಲ್ಲಿ ತಾನು ಹೆಚ್ಚು ನೋಡಿದ್ದನ್ನ ತುಂಬ್ತವೆ.

ಭಾರತದ ಕೋಟೆ ಅಂದ್ರೆ ಅಂತರ್ಜಾಲದಲ್ಲಿ ಜಾಸ್ತಿ ಇರೋದು ರಾಜಸ್ಥಾನದ ಕೋಟೆಗಳ ವಿಡಿಯೋ. ಹಳೇ ಕಾಲದ ಭಾರೀ ಕೆಲಸ ಅಂದ್ರೆ ಆನೆ. 'ಎಪಿಕ್' ಅಂದ್ರೆ ಸಾವಿರಾರು ಜನ, ಧೂಳು, ಸೂರ್ಯಾಸ್ತ. ಯಂತ್ರ ತಪ್ಪು ಮಾಡ್ಲಿಲ್ಲ, ಆರ್ಡರ್‌ನಲ್ಲಿ ವಿವರ ಇರ್ಲಿಲ್ಲ. ನಾನು ಬಿಕಾಂ ಓದಿದವನು, ನನಗೆ ಇದು ಪರ್ಚೇಸ್ ಆರ್ಡರ್ ಥರ ಕಾಣ್ತದೆ. 'ಬಟ್ಟೆ, 10 ಮೀಟರ್' ಅಂತ ಬರೆದು ಕಳಿಸಿದ್ರೆ, ಅಂಗಡಿಯವ ತನ್ನ ಗೋಡೌನಿನಲ್ಲಿ ಜಾಸ್ತಿ ಇರೋದನ್ನೇ ಕಳಿಸ್ತಾನೆ.

ಇನ್ನೊಂದು ಮಾತು. ಒಂದು ಸಲ ಜನರೇಟ್ ಕೊಟ್ರೆ ಸಿಗೋದು ಕೆಲವೇ ಸೆಕೆಂಡುಗಳ ತುಣುಕು. 2025ರ ಮೇ ತಿಂಗಳಲ್ಲಿ ಗೂಗಲ್ ತಂದ ವಿಯೋ 3 ಎಂಟು ಸೆಕೆಂಡಿನ ಕ್ಲಿಪ್ ಕೊಡ್ತಿತ್ತು. ಬೇರೆ ಟೂಲ್‌ಗಳಲ್ಲಿ ಐದು, ಹತ್ತು ಸೆಕೆಂಡ್ ಹೀಗೆ ಹೆಚ್ಚುಕಮ್ಮಿ ಇರ್ತದೆ. ಅದೇ ವರ್ಷ ಕನ್ನಡದಲ್ಲಿ 'ಲವ್ ಯೂ' ಅನ್ನೋ ಸಿನಿಮಾ ಪೂರ್ತಿ ಎಐ ಬಳಸಿ ಮಾಡಿದ್ದು ಅಂತ ಸುದ್ದಿ ಆಯ್ತಲ್ಲ, ಅಂಥ ಉದ್ದನೆ ಕೆಲಸಕ್ಕೂ ಸಣ್ಣ ಸಣ್ಣ ತುಣುಕುಗಳನ್ನೇ ಒಂದರ ಪಕ್ಕ ಒಂದು ಜೋಡಿಸ್ಬೇಕು.

'ಕೋಟೆ ಕಟ್ಟಿದ್ದು' ಅನ್ನೋದು ವರ್ಷಗಟ್ಟಲೆ ನಡೆದ ಕಥೆ. ಎಂಟು ಸೆಕೆಂಡಿಗೆ ಬೇಕಾದದ್ದು ಕಥೆ ಅಲ್ಲ, ಒಂದು ಶಾಟ್. ಹಾಗಾಗಿ ಟೈಪ್ ಮಾಡೋ ಮೊದಲು ಒಂದು ನಿರ್ಧಾರ ಆಗ್ಬೇಕು: ಈ ಎಂಟು ಸೆಕೆಂಡಿನಲ್ಲಿ ನೋಡುಗರಿಗೆ ಏನು ಗೊತ್ತಾಗ್ಬೇಕು? ನಮ್ಮ ಉತ್ತರ ಹೀಗೆ ಇಟ್ಕೊಳ್ಳೋಣ: ಆ ಕಲ್ಲು ಎಷ್ಟು ಉದ್ದ, ಎಷ್ಟು ಭಾರ, ಮತ್ತು ಅದನ್ನ ಎಳೆದದ್ದು ಕೋಣಗಳು. ಮುಂದಿನ ಪ್ರತಿ ಪದ ಈ ಉತ್ತರಕ್ಕೇ ಕೆಲಸ ಮಾಡ್ಬೇಕು.

ಒಂದು: ಯಾರು, ಏನು ಮಾಡ್ತಿದ್ದಾರೆ

ಇಲ್ಲಿ ಸೂತ್ರ ಒಂದೇ. ಕಣ್ಣಿಗೆ ಕಾಣೋದನ್ನ ಮಾತ್ರ ಬರೀರಿ. 'ಮಹಾನ್ ಸಾಹಸ' ಕಣ್ಣಿಗೆ ಕಾಣಲ್ಲ. 'ಕೋಣಗಳು ತಲೆ ತಗ್ಗಿಸಿ ಎಳೀತಿವೆ' ಕಾಣ್ತದೆ. '1294' ಕೂಡ ಕಾಣೋದಿಲ್ಲ. ಅದರ ಬದಲು ಆ ಕಾಲದ ವಸ್ತು ಹೇಳ್ಬೇಕು: ಮರದ ಬಂಡಿ, ಅರೆಕಾಲಿಲ್ಲದ ಗಟ್ಟಿ ಮರದ ಚಕ್ರ, ದಪ್ಪ ಹಗ್ಗ, ಉದ್ದನೆ ಮರದ ಕೋಲು.

ಕನ್ನಡದಲ್ಲೂ ಪ್ರಾಂಪ್ಟ್ ಕೊಡ್ಬಹುದು, ಹಲವು ಟೂಲ್ ತಗೊಳ್ತವೆ. ಆದ್ರೆ ಅವು ಕಲಿತ ವಿವರಣೆಗಳು ಹೆಚ್ಚಾಗಿ ಇಂಗ್ಲಿಷಿನವು. ಅದಕ್ಕೇ ಮೊದಲು ಕನ್ನಡದಲ್ಲಿ ಶಾಟ್ ಬರೆದು, ಆಮೇಲೆ ಇಂಗ್ಲಿಷಿಗೆ ತಂದ್ರೆ ಫಲ ಚೆನ್ನಾಗಿರ್ತದೆ. ಆದ್ರೆ ಇಂಗ್ಲಿಷಿಗೆ ತರುವಾಗ ಒಂದು ಗುಂಡಿ ಐತಿ. ಕೋಣಕ್ಕೆ ಬರೀ `buffalo` ಅಂತ ಹಾಕಿದ್ರೆ ಅಮೆರಿಕದ ಕಾಡೆತ್ತು ಬರಬಹುದು, ಮೈ ತುಂಬ ಜೂಲು, ಗಡ್ಡ ಇರೋದು. ಅಲ್ಲಿಯವರು ಅದಕ್ಕೂ ಅದೇ ಹೆಸರು ಹೇಳ್ತಾರೆ. ನಮ್ಮ ಎಮ್ಮೆ, ಕೋಣ ಬೇಕಂದ್ರೆ `water buffalo` ಅಂತಲೇ ಬರೀಬೇಕು.

ಇನ್ನು ಕಲ್ಲಿನ ಉದ್ದ. '41 ಅಡಿ' ಅಂತ ಬರೆದ್ರೆ ಯಂತ್ರ ಟೇಪ್ ಹಿಡಿದು ಅಳೆಯೋದಿಲ್ಲ. 'ಬಸ್ಸಿಗಿಂತ ಉದ್ದ' ಅಂತ ಬರೆದ್ರೆ ಇನ್ನೂ ಅಪಾಯ, ಫ್ರೇಮಿನಲ್ಲಿ ಒಂದು ಬಸ್ಸೇ ಬಂದು ನಿಲ್ಲಬಹುದು. ಪ್ರಾಂಪ್ಟಿನಲ್ಲಿ ಹೆಸರು ಹೇಳಿದ ವಸ್ತು ಚಿತ್ರದಲ್ಲಿ ಬರೋ ಸಾಧ್ಯತೆ ಜಾಸ್ತಿ. ಉದ್ದವನ್ನ ಚಿತ್ರದೊಳಗಿನ ವಸ್ತುಗಳಿಂದಲೇ ತೋರಿಸ್ಬೇಕು: ಕಲ್ಲಿನ ಪಕ್ಕ ಸಾಲಾಗಿ ನಡೆಯೋ ಆಳುಗಳು ಅದರ ಮುಂದೆ ಚಿಕ್ಕವರಾಗಿ ಕಾಣ್ಬೇಕು.

'ಆನೆ ಬೇಡ' ಅಂತ ಬರೆಯೋದೂ ಇದೇ ಕಾರಣಕ್ಕೆ ಕೈಕೊಡ್ತದೆ. ಆನೆ ಅನ್ನೋ ಪದ ಒಳಗೆ ಹೋಯ್ತಲ್ಲ. ಬೇಡದ್ದನ್ನ ಬರೆಯೋಕೆ ಕೆಲವು ಟೂಲ್‌ಗಳಲ್ಲಿ ನೆಗೆಟಿವ್ ಪ್ರಾಂಪ್ಟ್ ಅಂತ ಬೇರೆ ಖಾನೆ ಇರ್ತದೆ. ಅಲ್ಲಿ 'ಬೇಡ' ಅನ್ನೋ ಮಾತಿಲ್ಲದೆ ಬರೀ `elephants` ಅಂತ ಹಾಕ್ಬೇಕು. ಆ ಖಾನೆ ಇಲ್ಲದಿದ್ರೆ, ಎಳೆಯೋ ಪ್ರಾಣಿ ಯಾವುದು ಅಂತ ಸ್ಪಷ್ಟವಾಗಿ ಹೇಳಿದ್ರೆ ಸಾಕು, ಆನೆಗೆ ಜಾಗ ಉಳಿಯಲ್ಲ.

ಭಾರ ತೋರಿಸೋದು ಇನ್ನೂ ಕಷ್ಟ. ಕಲ್ಲಿಗೆ ತೂಕ ಐತಿ ಅನ್ನೋದು ಯಂತ್ರಕ್ಕೆ ನಮ್ಮ ಹಾಗೆ ಗೊತ್ತಿಲ್ಲ. ಏನೂ ಹೇಳದಿದ್ರೆ ಕೋಣಗಳು ಥರ್ಮಾಕೋಲ್ ಎಳೆದ ಹಾಗೆ ಓಡಿಬಿಡ್ತವೆ. 'ಭಾರವಾದ' ಅನ್ನೋ ಒಂದು ಪದ ಸಾಲಲ್ಲ, ಭಾರದ ಗುರುತು ಬರೀಬೇಕು: ಹಗ್ಗ ಬಿಗಿದು ನಿಂತಿದೆ, ಚಕ್ರ ಮಣ್ಣಲ್ಲಿ ಹೂತಿದೆ, ಬಂಡಿ ಅಷ್ಟಷ್ಟೇ ಸರೀತಿದೆ. ಇಡೀ ಶಾಟಿಗೆ ಇದೊಂದೇ ಕ್ರಿಯೆ. ಕೋಣ ಎಳೆದು, ಬಂಡಿ ನಿಂತು, ಹಗ್ಗ ಹರಿದು, ಆಮೇಲೆ ಮತ್ತೆ ಕಟ್ಟಿ... ಇಷ್ಟೆಲ್ಲ ಹೇಳಿದ್ರೆ ಎಂಟು ಸೆಕೆಂಡಿನಲ್ಲಿ ಯಾವುದೂ ನೆಟ್ಟಗೆ ಆಗೋದಿಲ್ಲ.

ಎರಡು: ಕ್ಯಾಮೆರಾ

ಕ್ಯಾಮೆರಾ ಬಗ್ಗೆ ಮೂರು ಸಂಗತಿ ಹೇಳ್ಬೇಕು: ಎಷ್ಟು ದೂರ, ಎಷ್ಟು ಎತ್ತರ, ಯಾವ ಚಲನೆ. ದೂರ ಮತ್ತು ಎತ್ತರ ಸುಲಭ. ಇಡೀ ಬಂಡಿ ಕಾಣ್ಬೇಕಂದ್ರೆ ವೈಡ್ ಶಾಟ್, ಚಕ್ರ ಮಾತ್ರ ಸಾಕಂದ್ರೆ ಕ್ಲೋಸಪ್. ಕಣ್ಣಿನ ಮಟ್ಟಕ್ಕೆ ಇಟ್ರೆ ನಾವೂ ಅಲ್ಲೇ ನಿಂತ ಹಾಗೆ, ನೆಲದ ಮಟ್ಟಕ್ಕೆ ಇಳಿಸಿದ್ರೆ ಕಲ್ಲು ದೊಡ್ಡದಾಗಿ ಕಾಣ್ತದೆ.

ಗೊಂದಲ ಆಗೋದು ಚಲನೆಯಲ್ಲಿ. ಫೋನ್ ಹಿಡಿದು ಮಾಡಿ ನೋಡಿ, ಅರ್ಥ ಆಗ್ತದೆ. ನಿಂತಲ್ಲೇ ನಿಂತು ಫೋನನ್ನ ಎಡದಿಂದ ಬಲಕ್ಕೆ ತಿರುಗಿಸಿದ್ರೆ ಅದು ಪ್ಯಾನ್. ನಿಂತಲ್ಲೇ ಕೆಳಗಿಂದ ಮೇಲೆ ಎತ್ತಿದ್ರೆ ಟಿಲ್ಟ್. ಫೋನ್ ಹಿಡಿದು ವಸ್ತುವಿನ ಕಡೆಗೆ ನಡೆದು ಹೋದ್ರೆ ಡಾಲಿ ಇನ್. ವಸ್ತುವಿನ ಪಕ್ಕ ಪಕ್ಕದಲ್ಲೇ ನಡೆದ್ರೆ ಟ್ರ್ಯಾಕಿಂಗ್. ಜೂಮ್ ಅಂದ್ರೆ ನೀವು ಅಲ್ಲಾಡೋದೇ ಇಲ್ಲ, ಚಿತ್ರ ಮಾತ್ರ ದೊಡ್ಡದಾಗ್ತದೆ. ನಡೆದು ಹೋದಾಗ ಹತ್ತಿರದ ವಸ್ತು ಬೇಗ, ದೂರದ ಗುಡ್ಡ ನಿಧಾನಕ್ಕೆ ಸರಿದು ಆಳ ಗೊತ್ತಾಗ್ತದೆ. ಜೂಮ್‌ನಲ್ಲಿ ಅದು ಆಗೋದಿಲ್ಲ.

ನಮಗೆ ಬೇಕಾದದ್ದು ಕಲ್ಲಿನ ಉದ್ದ. ಡಾಲಿ ಇನ್ ಮಾಡಿದ್ರೆ ಕಲ್ಲಿನ ಒಂದು ಭಾಗಕ್ಕೆ ಹೋಗಿ ನಿಲ್ತೀವಿ, ಉದ್ದ ಕಳೆದುಹೋಗ್ತದೆ. ಟ್ರ್ಯಾಕಿಂಗ್ ಸರಿಯಾದದ್ದು. ಹಿಂದಿನ ಚಕ್ರದಿಂದ ಶುರುವಾಗಿ ಕಲ್ಲಿನ ಪಕ್ಕದಲ್ಲೇ ಕ್ಯಾಮೆರಾ ಸಾಗ್ತದೆ, ಕಲ್ಲು ಮುಗಿಯೋದೇ ಇಲ್ಲವೇನೋ ಅನ್ನಿಸ್ತದೆ, ಕೊನೆಗೆ ಕೋಣಗಳು ಕಾಣ್ತವೆ. ಉದ್ದ ಎಷ್ಟು ಅಂತ ಅಂಕಿ ಹೇಳದೇನೇ ಗೊತ್ತಾಯ್ತು ನೋಡ್ರಿ.

ಇಲ್ಲಿ ದಿಕ್ಕು ಬರೆಯೋದರಲ್ಲಿ ಹುಷಾರಾಗಿರ್ಬೇಕು. 'ಎಡದಿಂದ ಬಲಕ್ಕೆ' ಅಂದ್ರೆ ಕ್ಯಾಮೆರಾನಾ, ಬಂಡಿನಾ? ಯಂತ್ರಕ್ಕೂ ಗೊಂದಲ. 'ಹಿಂದಿನ ಚಕ್ರದಿಂದ ಮುಂದಿನ ಕೋಣಗಳವರೆಗೆ' ಅಂತ ವಸ್ತುವನ್ನೇ ಗುರುತಾಗಿ ಕೊಟ್ರೆ ಅನುಮಾನ ಇರೋದಿಲ್ಲ. ಮತ್ತೆ ಒಂದು ಶಾಟಿಗೆ ಒಂದೇ ಚಲನೆ. ಪ್ಯಾನ್, ಜೂಮ್, ಮೇಲಿಂದ ನೋಟ ಎಲ್ಲ ಒಟ್ಟಿಗೆ ಕೇಳಿದ್ರೆ ಕ್ಲಿಪ್ಪಿನ ನಡುವೆ ಚಿತ್ರ ಜಿಗೀತದೆ, ಇಲ್ಲವೇ ಹಿನ್ನೆಲೆ ರಬ್ಬರಿನಂಗೆ ಎಳೆದುಕೊಳ್ತದೆ. ಅದು ಕಂಡ ತಕ್ಷಣ ಚಲನೆ ಜಾಸ್ತಿ ಆಗಿದೆ ಅಂತ ತಿಳ್ಕೊಳ್ಳಿ.

ಮೂರು: ಬೆಳಕು

'ಸುಂದರ ಬೆಳಕು' ಅನ್ನೋದು ಆರ್ಡರ್ ಅಲ್ಲ. ಬೆಳಕಿಗೆ ಮೂಲ ಬೇಕು, ದಿಕ್ಕು ಬೇಕು, ಹೊತ್ತು ಬೇಕು. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ ಹೇಗಿರ್ತದೆ ಅಂತ ನಿಮಗೇ ಗೊತ್ತು. ಸೂರ್ಯ ನೆತ್ತಿ ಮೇಲೆ, ನೆರಳು ಕಾಲ ಕೆಳಗೆ, ಎಲ್ಲ ಬೆಳ್ಳಗೆ ಚಪ್ಪಟೆ. ಅಂಥ ಬೆಳಕಲ್ಲಿ ಕಲ್ಲಿನ ಒರಟು ಮೈ ಕಾಣೋದಿಲ್ಲ. ಬೆಳಿಗ್ಗೆಯ ಇಳಿಬಿಸಿಲು ಪಕ್ಕದಿಂದ ಬಿದ್ರೆ ಕಲ್ಲಿನ ಪ್ರತಿ ಉಬ್ಬುತಗ್ಗಿಗೂ ನೆರಳು ಬೀಳ್ತದೆ, ಒರಟುತನ ಎದ್ದು ಕಾಣ್ತದೆ.

ಇನ್ನೊಂದು ಆಯ್ಕೆ, ಸೂರ್ಯ ಕೋಣಗಳ ಹಿಂದೆ. ಆಗ ಗೊರಸಿನಿಂದ ಎದ್ದ ಧೂಳು ಹೊಳೀತದೆ, ಪ್ರಾಣಿಗಳ ಅಂಚಿಗೆ ಬೆಳಕಿನ ಗೆರೆ ಬರ್ತದೆ. ಆದ್ರೆ ಮುಖ, ಕಲ್ಲಿನ ಮೈ ಎರಡೂ ಕಪ್ಪಾಗ್ತವೆ. ನಮಗೆ ಕಲ್ಲು ಮುಖ್ಯ, ಹಾಗಾಗಿ ಪಕ್ಕದ ಬೆಳಕು ಸರಿ. ಹಿಂದಿನ ಬೆಳಕೇ ಬೇಕು ಅನ್ನೋರು ಬರೀ 'ಸೂರ್ಯ ಹಿಂದೆ' ಅಂತ ಬರೀಬೇಡಿ. ಕ್ಯಾಮೆರಾದ ಹಿಂದೆಯೋ, ಕೋಣಗಳ ಹಿಂದೆಯೋ? ಎರಡಕ್ಕೂ ಫಲ ತದ್ವಿರುದ್ಧ. `low sun behind the buffaloes` ಅಂತ ಪೂರ್ತಿ ಹೇಳಿ.

ಧೂಳಿನಿಂದ ಇನ್ನೊಂದು ಲಾಭ ಐತಿ. ಈ ಟೂಲ್‌ಗಳು ತುಂಬ ಸಲ ಎಡವೋದು ಒಂದರ ಹಿಂದೆ ಒಂದು ನಡೆಯೋ ಕಾಲುಗಳಲ್ಲಿ. ನಾಲ್ಕು ಕಾಲಿನದು ಐದಾಗ್ತದೆ, ಎರಡು ಕೋಣದ ಕಾಲು ಒಂದಾಗಿ ಬೆರೀತವೆ. ಗೊರಸಿನ ಸುತ್ತ ಧೂಳು ಐತಿ ಅಂದ್ರೆ ಆ ಜಾಗವೇ ಮಸುಕಾಗಿ ತಪ್ಪು ಅಷ್ಟಾಗಿ ಕಣ್ಣಿಗೆ ಹೊಡೆಯೋದಿಲ್ಲ.

ನಾಲ್ಕು: ಶೈಲಿ

'ಸಿನಿಮ್ಯಾಟಿಕ್', 'ಎಪಿಕ್', '4ಕೆ' ಇವನ್ನ ಎಲ್ಲರೂ ಹಾಕ್ತಾರೆ. 4ಕೆ ಅನ್ನೋದು ರೆಸಲ್ಯೂಷನ್, ಅದು ಸೆಟ್ಟಿಂಗ್ಸ್‌ನಲ್ಲಿ ಆಗೋ ಕೆಲಸ. ಪ್ರಾಂಪ್ಟಿನಲ್ಲಿ ಬರೆದ್ರೆ ಫೈಲ್ ದೊಡ್ಡದಾಗೋದಿಲ್ಲ. ರೀಲ್‌ಗೆ ಬೇಕಾದ ಉದ್ದನೆ ಫ್ರೇಮ್, ಎಷ್ಟು ಸೆಕೆಂಡ್ ಅನ್ನೋದೂ ಅಷ್ಟೇ, ಟೂಲ್‌ನಲ್ಲಿ ಬಟನ್ ಇದ್ರೆ ಅಲ್ಲೇ ಆರಿಸ್ಬೇಕು. 'ಎಪಿಕ್' ಏನು ತರ್ತದೆ ಅಂತ ಆಗಲೇ ನೋಡಿದ್ವಿ. ಶೈಲಿ ಅಂದ್ರೆ ಒಂದು ಮಾಧ್ಯಮದ ಹೆಸರು: ಸಾಕ್ಷ್ಯಚಿತ್ರದ ದೃಶ್ಯ, ಹಳೇ ಫಿಲ್ಮ್, ಜಲವರ್ಣ, ಇದ್ದಿಲಿನ ಚಿತ್ರ, ಕೈಯಲ್ಲಿ ಬಣ್ಣ ಹಚ್ಚಿದ ಅನಿಮೇಶನ್. ಒಂದನ್ನ ಆರಿಸಿ, ಜೊತೆಗೆ ಬಣ್ಣ ಹೇಳಿ, ಮುಗೀತು.

ನಮ್ಮ ಕಲ್ಲಿನ ವಿಷಯದಲ್ಲಿ ಶೈಲಿಗೆ ಇನ್ನೊಂದು ಜವಾಬ್ದಾರಿ ಐತಿ. ಬಂಡಿ, ಕೋಣ, ಹೊಡೆಯೋರು, ಸನ್ನೆಗೋಲು ಇಷ್ಟನ್ನ ಕೆತ್ತನೆ ಹೇಳ್ತದೆ. ಆಳುಗಳ ಬಟ್ಟೆಯ ಬಣ್ಣ, ಮುಖ, ದಾರಿ, ಹಿಂದಿನ ಗುಡ್ಡ, ಇದೆಲ್ಲ ನಾವು ತುಂಬಿದ್ದು. ಸಾಕ್ಷ್ಯಚಿತ್ರದ ಶೈಲಿ ಆರಿಸಿದ್ರೆ ಕೆತ್ತನೆ ಹೇಳಿದ್ದು ಯಾವುದು, ನಾವು ಕಲ್ಪಿಸಿದ್ದು ಯಾವುದು ಅಂತ ನೋಡುಗರಿಗೆ ಗೊತ್ತಾಗೋದಿಲ್ಲ. ಎಲ್ಲವೂ ಒಂದೇ ಥರ ನಿಜ ಕಾಣ್ತದೆ. ಕೈಬಣ್ಣದ ಅನಿಮೇಶನ್ ಆರಿಸಿದ್ರೆ ನೋಡಿದ ಕ್ಷಣವೇ ಇದು ಬಿಡಿಸಿದ ಚಿತ್ರ ಅಂತ ತಿಳೀತದೆ. ನಾನು ಎರಡನೇದನ್ನೇ ಆರಿಸ್ತೀನಿ. ಕೋಣದ ಕಾಲು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಚಿತ್ರದಲ್ಲಿ ಅದು ಅಷ್ಟು ಅಸಹಜ ಅನ್ನಿಸೋದಿಲ್ಲ.

ಎಲ್ಲ ಸೇರಿಸಿದ್ರೆ

ಕನ್ನಡದಲ್ಲಿ ನಮ್ಮ ಶಾಟ್ ಹೀಗೈತಿ: ಕಣ್ಣಿನ ಮಟ್ಟದ ವೈಡ್ ಶಾಟ್. ಗಟ್ಟಿ ಮರದ ಚಕ್ರಗಳ ತಗ್ಗು ಬಂಡಿಯ ಮೇಲೆ ಹಗ್ಗದಿಂದ ಬಿಗಿದ ಒಂದೇ ಉದ್ದನೆ ಕಲ್ಲು. ಹಿಂದೆ ಆಳುಗಳು ಉದ್ದನೆ ಕೋಲಿನಿಂದ ಚಕ್ರ ಮೀಟ್ತಿದ್ದಾರೆ, ಮುಂದೆ ಕೋಣಗಳ ಸಾಲು ಎಳೀತಿದೆ, ಬಂಡಿ ಅಷ್ಟಷ್ಟೇ ಸರೀತಿದೆ. ಕ್ಯಾಮೆರಾ ಹಿಂದಿನ ಚಕ್ರದಿಂದ ಕಲ್ಲಿನ ಪಕ್ಕದಲ್ಲೇ ಕೋಣಗಳವರೆಗೆ ನಿಧಾನಕ್ಕೆ ಹೋಗ್ತದೆ. ಬೆಳಗಿನ ಪಕ್ಕದ ಬಿಸಿಲು, ಗೊರಸಿನ ಬಳಿ ಧೂಳು. ಕೈಬಣ್ಣದ ಅನಿಮೇಶನ್, ಮಣ್ಣಿನ ಬಣ್ಣಗಳು.

ಟೈಪ್ ಮಾಡೋದು ಇದು:

```
Wide shot, eye level. A single very long, rough granite slab
is roped onto a low cart with solid wooden wheels. Men push
the rear wheels with long wooden poles; a long line of dark
water buffaloes strains ahead, ropes tight, wheels sinking,
the cart barely moving. The camera tracks slowly alongside,
from the rear wheels past the slab to the buffaloes.
Early morning, low sun from the side, dust around the hooves,
dry rocky hills. Hand-painted 2D animation, earth colours.
```

ಎಂಬತ್ತು ಪದಗಳ ಆಸುಪಾಸು ಐತಿ. ಕ್ಯಾಮೆರಾ ಯಾವ ಕ್ರಮದಲ್ಲಿ ನೋಡ್ತದೋ, ವಸ್ತುಗಳೂ ಹೆಚ್ಚುಕಮ್ಮಿ ಅದೇ ಕ್ರಮದಲ್ಲಿ ಬಂದಿವೆ. 'ರಾಯಚೂರು' ಅನ್ನೋ ಪದವೇ ಇಲ್ಲ, ಗಮನಿಸಿದ್ರಾ? ಅದರ ಬದಲು ಒಣ ಬಂಡೆಗುಡ್ಡ ಐತಿ. ಊರಿನ ಹೆಸರಿಗಿಂತ ಊರಿನಲ್ಲಿ ಕಾಣೋದನ್ನ ಹೇಳಿದ್ರೆ ಯಂತ್ರಕ್ಕೆ ಹಿಡಿತ ಸಿಗ್ತದೆ.

ಹೊಡೆಯೋರನ್ನ ನಾನು ಬೇಕಂತಲೇ ಬಿಟ್ಟಿದ್ದೀನಿ. ಕೆತ್ತನೆಯಲ್ಲಿ ಅವರಿದ್ದಾರೆ, ಆದ್ರೆ ಒಂದೇ ಶಾಟಿನಲ್ಲಿ ಮೀಟೋರು, ಕೋಣ, ಹೊಡೆಯೋರು ಮೂರೂ ಸೇರಿದ್ರೆ ಯಾರ ಕೈಯಲ್ಲಿ ಕೋಲು ಅನ್ನೋದೇ ಬೆರೆತುಹೋಗ್ತದೆ. ಹೊಡೆಯೋರಿಗೆ ಎರಡನೇ ಶಾಟ್ ಮಾಡಿ: ಮೀಡಿಯಂ ಶಾಟ್, ಒಬ್ಬನೇ ಹೊಡೆಯುವವ, ಕೈಯೆತ್ತಿ ಕೋಣಗಳನ್ನ ಹುರಿದುಂಬಿಸ್ತಾನೆ, ಕ್ಯಾಮೆರಾ ಅಲ್ಲಾಡೋದಿಲ್ಲ. ಬೆಳಕು ಮತ್ತು ಶೈಲಿಯ ಕೊನೇ ಎರಡು ಸಾಲನ್ನ ಮೊದಲ ಪ್ರಾಂಪ್ಟಿನಿಂದ ಹಂಗೇ ಕಾಪಿ ಮಾಡಿ. ಒಂದು ಪದ ಬದಲಾದ್ರೂ ಎರಡು ಶಾಟ್ ಬೇರೆ ಬೇರೆ ಸಿನಿಮಾದ ಥರ ಕಾಣಬಹುದು.

ಸರಿ ಬರದಿದ್ರೆ?

ಮೊದಲ ಸಲಕ್ಕೇ ಸರಿಯಾಗಿ ಬರೋದು ಕಡಿಮೆ. ಪ್ರತಿ ಸಲ ಬೇರೆ ಗೊಂದಲದಿಂದ ಶುರು ಮಾಡೋದರಿಂದ, ಅದೇ ಪ್ರಾಂಪ್ಟ್ ಮತ್ತೆ ಕೊಟ್ರೂ ಬೇರೆ ಕ್ಲಿಪ್ ಬರ್ತದೆ. ಹಾಗಾಗಿ ಒಂದೇ ಕ್ಲಿಪ್ ನೋಡಿ ಪ್ರಾಂಪ್ಟಿನ ಮೇಲೆ ತಪ್ಪು ಹೊರಿಸ್ಬೇಡಿ. ಪದ ಮುಟ್ಟದೆ ಎರಡು ಸಲ ಓಡಿಸಿ. ಎರಡರಲ್ಲೂ ಅದೇ ತಪ್ಪು ಇದ್ರೆ ಅದು ನಿಮ್ಮ ಬರಹದ್ದು, ಒಂದರಲ್ಲಿ ಮಾತ್ರ ಇದ್ರೆ ಅದೃಷ್ಟದ್ದು.

ಆಮೇಲೆ ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ. ಕೋಣಗಳು ಓಡ್ತಿದ್ರೆ ಕ್ರಿಯೆಯ ಪದ ಮಾತ್ರ ಬಿಗಿ ಮಾಡಿ. ಚಿತ್ರ ನಡುವೆ ಜಿಗಿದ್ರೆ ಕ್ಯಾಮೆರಾ ಸಾಲನ್ನ ಮುಟ್ಟಿ, ಬೇಕಿದ್ರೆ ಚಲನೆ ಪೂರ್ತಿ ತೆಗೆದು ನಿಂತ ಕ್ಯಾಮೆರಾ ಮಾಡಿ. ಕಲ್ಲಿನ ಮೈ ಚಪ್ಪಟೆ ಕಂಡ್ರೆ ಬೆಳಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಯಾಯ್ತು ಅಂತ ಲೆಕ್ಕ ಸಿಗೋದಿಲ್ಲ. ಪ್ರತಿ ಕ್ಲಿಪ್ಪಿಗೂ ಕ್ರೆಡಿಟ್ ಖರ್ಚಾಗ್ತದೆ. ಟೂಲ್‌ನಲ್ಲಿ ಅಗ್ಗದ, ಬೇಗ ಆಗೋ ಮೋಡ್ ಇದ್ರೆ ಪ್ರಯೋಗ ಎಲ್ಲ ಅದರಲ್ಲೇ ಮುಗಿಸಿ, ಕೊನೇ ಸಲಕ್ಕೆ ಮಾತ್ರ ಒಳ್ಳೇ ಮೋಡ್ ಹಾಕಿ. ಯಾವ ಪದಕ್ಕೆ ಏನು ಬಂತು ಅಂತ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಕೊಳ್ಳಿ.

ಎಷ್ಟೇ ಚೆನ್ನಾಗಿ ಬರೆದ್ರೂ ಪ್ರಾಂಪ್ಟಿನಿಂದ ಆಗದ ಮೂರು ಕೆಲಸ ಅದಾವೆ. ಮೊದಲನೇದು ಅಕ್ಷರ. ಶಾಸನ ತೋರಿಸು ಅಂದ್ರೆ ಕಲ್ಲಿನ ಮೇಲೆ ಅಕ್ಷರದಂಥ ಗೀಚು ಬರ್ತದೆ, ಓದೋಕೆ ಹೋದ್ರೆ ಏನೂ ಇರೋದಿಲ್ಲ. ಕನ್ನಡದಲ್ಲಿ ಬರಹ ಬೇಕಿದ್ರೆ ಎಡಿಟಿಂಗ್ ಆ್ಯಪ್‌ನಲ್ಲಿ ಹಾಕಿ. ಎರಡನೇದು ಎಣಿಕೆ. 'ಇಪ್ಪತ್ತು ಕೋಣ' ಅಂದ್ರೆ ಇಪ್ಪತ್ತೇ ಬರ್ತವೆ ಅನ್ನೋ ಭರವಸೆ ಇಲ್ಲ, ಅದಕ್ಕೇ ನಾವು 'ಉದ್ದನೆ ಸಾಲು' ಅಂದದ್ದು.

ಮೂರನೇದು ನಿಜವಾದ ಜಾಗ. ರಾಯಚೂರು ಕೋಟೆಯ ಆ ಗೋಡೆ, ಆ ಕಲ್ಲು ಹೇಗಿದ್ಯೋ ಹಾಗೇ ಬೇಕಂದ್ರೆ ಪದಗಳು ಸಾಲೋದಿಲ್ಲ. ಕೋಟೆಗೆ ಹೋಗಿ ನೀವೇ ಒಂದು ಫೋಟೋ ತೆಗೀರಿ, ಹಲವು ಟೂಲ್‌ಗಳಲ್ಲಿ ಫೋಟೋವನ್ನೇ ಮೊದಲ ಫ್ರೇಮ್ ಆಗಿ ಕೊಡ್ಬಹುದು. ಆಗ ಕಲ್ಲು ಹೇಗಿದೆ ಅಂತ ವರ್ಣಿಸೋದು ಬೇಡ, ಚಲನೆ ಮಾತ್ರ ಬರೆದ್ರೆ ಸಾಕು. ಜಾಲಹಳ್ಳಿಯ ಗೆಳೆಯರಿಗೆ ನನ್ನ ಸಲಹೆ: ರೀಲ್‌ನ ಮೊದಲ ಮೂರು ಸೆಕೆಂಡ್ ಕೆತ್ತನೆಯ ನಿಜವಾದ ವಿಡಿಯೋ ಇರಲಿ, ನಿಮ್ಮ ಫೋನಲ್ಲೇ ತೆಗೆದದ್ದು. ಅದರ ಹಿಂದೆ ಈ ಅನಿಮೇಶನ್ ಬರಲಿ. ಮೇಲೆ ಒಂದು ಸಾಲು ಕನ್ನಡದಲ್ಲಿ, 'ಕೆತ್ತನೆ ಆಧರಿಸಿ ಎಐನಿಂದ ಮಾಡಿದ ಕಲ್ಪನೆಯ ದೃಶ್ಯ' ಅಂತ. ಅಪ್‌ಲೋಡ್ ಮಾಡುವಾಗ ಎಐ ಬಳಸಿದ್ದೀರಾ ಅಂತ ಆ್ಯಪ್ ಕೇಳಿದ್ರೆ ಹೌದು ಅಂತ ಒತ್ತಿ.

ನೀವು ಬರೆದ ಪ್ರಾಂಪ್ಟ್ ಮತ್ತು ಬಂದ ಕ್ಲಿಪ್ ಎರಡನ್ನೂ ನನಗೆ ಕಳಿಸಿ. ಜೊತೆಗೆ ಆ ಎಂಟು ಸೆಕೆಂಡಿನಲ್ಲಿ ಏನು ತೋರಿಸ್ಬೇಕಂತಿದ್ರಿ ಅನ್ನೋದನ್ನ ಒಂದು ಸಾಲಿನಲ್ಲಿ ಬರೀರಿ, ಅದಿಲ್ಲದೆ ಪ್ರಾಂಪ್ಟ್ ಸರಿಯೋ ತಪ್ಪೋ ಹೇಳೋಕಾಗಲ್ಲ. ಮುಂದಿನ ವಾರ ಇದೇ ಕ್ಲಿಪ್ಪಿಗೆ ಶಬ್ದ ಸೇರಿಸೋದು ಹೇಗೆ ಅಂತ ನೋಡೋಣ: ಚಕ್ರದ ಕಿರುಗುಟ್ಟು, ಗೊರಸಿನ ಸದ್ದು, ಹೊಡೆಯೋರ ಕೂಗು. ಬರ್ತೀನ್ರಿ, ನಮಸ್ಕಾರ.